ವೇದಿಕೆಗೆ ಬಂದವರು ‘ಪುಟಾಣಿ’ ಅಲ್ಲ, ಭಾಷಣಕಾರರು

ನಮ್ಮ ಊರುಗಳ ಶೈಕ್ಷಣಿಕ ಸಮಾವೇಶ, ಜಮಾಅತ್‌ನ ಪ್ರತಿಭಾ ಪುರಸ್ಕಾರ, ಯುವಕ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಈಗ ಒಂದು ಒಳ್ಳೆಯ ಬದಲಾವಣೆ ಕಾಣುತ್ತಿದೆ. ಹದಿನಾಲ್ಕು, ಹದಿನೈದು ವಯಸ್ಸಿನ ಮಕ್ಕಳನ್ನು ಶಾಲು ಹೊದಿಸಿ ಕಳಿಸುವುದಕ್ಕೆ ಮಾತ್ರವಲ್ಲ, ಮಾತಾಡುವುದಕ್ಕೂ ಕರೆಯುತ್ತಿದ್ದಾರೆ. ಚೆಸ್ ಆಡುವ ಹುಡುಗಿ, ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಹುಡುಗ, ಗಣಿತದ ಒಲಿಂಪಿಯಾಡ್ ಬರೆದವರು ಹೀಗೆ. ಸಂತೋಷದ ವಿಷಯವೇ. ಆದರೆ ಕರೆದ ಮೇಲೆ ಆ ಮಗುವನ್ನು ಸಭೆಗೆ ಪರಿಚಯಿಸುವ ಎರಡು ನಿಮಿಷದಲ್ಲಿ ನಾವು ಮಾಡುವ ಕೆಲಸ ನೋಡಿದರೆ, ಮಾತಾಡಲು ಕರೆದದ್ದೋ ತೋರಿಸಲು ಕರೆದದ್ದೋ ಎಂದು ಸಂಶಯ ಬರುತ್ತದೆ.

ಮೈಕ್ ಹಿಡಿದವರ ಮಾತು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತದೆ. ಒಂದು, “ನಮ್ಮ ಪುಟಾಣಿ ಈಗ ಎರಡು ಮಾತು ಆಡ್ತಾಳೆ, ಎಲ್ರೂ ಜೋರಾಗಿ ಚಪ್ಪಾಳೆ ತಟ್ಟಿ ಧೈರ್ಯ ಕೊಡಿ.” ಇನ್ನೊಂದು, “ಇಡೀ ಜಗತ್ತೇ ಬೆರಗಾಗಿ ನೋಡುವ ಅದ್ಭುತ ಬಾಲ ಪ್ರತಿಭೆ, ಬ್ಯಾರಿ ಸಮುದಾಯದ ಕೀರ್ತಿ ಕಳಶ.” ಮೊದಲನೆಯದು ಕೀಳಂದಾಜು, ಎರಡನೆಯದು ಹೊಗಳಿಕೆ ಎಂದು ನಮಗೆ ಅನಿಸುತ್ತದೆ. ನಿಜಕ್ಕೆ ಎರಡೂ ಒಂದೇ. ಎರಡರಲ್ಲೂ ಆಕೆ ಏನು ಹೇಳಲು ಬಂದಿದ್ದಾಳೆ ಎಂಬುದು ಇಲ್ಲ. ಎರಡರಲ್ಲೂ ಸಭೆಗೆ ಸಿಗುವ ಸೂಚನೆ ಒಂದೇ: ಇದು ಕೇಳುವ ಮಾತಲ್ಲ, ನೋಡುವ ಚಂದ.

ಚಿಕ್ಕವರ ಮಾತನ್ನು ಮಾತಾಗಿಯೇ ತೆಗೆದುಕೊಂಡರೆ ಹೇಗಿರುತ್ತದೆ ಎಂಬುದಕ್ಕೆ ಅಮೆರಿಕದ ಒಂದು ನಿಜ ಉದಾಹರಣೆ ಇದೆ. ಆರನ್ ಸ್ವಾರ್ಟ್ಜ್ ಎಂಬವರು 1986ರ ನವೆಂಬರ್‌ನಲ್ಲಿ ಹುಟ್ಟಿದವರು. ವೆಬ್‌ಸೈಟ್‌ಗಳಲ್ಲಿ ಹೊಸದಾಗಿ ಏನು ಬಂತು ಎಂಬುದರ ಪಟ್ಟಿ ನಮ್ಮ ಬಳಿಗೆ ತಾನಾಗಿಯೇ ಬರುವಂತೆ ಮಾಡುವ ಆರ್‌ಎಸ್‌ಎಸ್ ಎಂಬ ತಾಂತ್ರಿಕ ವ್ಯವಸ್ಥೆ ಇದೆಯಲ್ಲ, ಇವತ್ತು ನೀವು ಕೇಳುವ ಪಾಡ್‌ಕಾಸ್ಟ್‌ಗಳು ಓಡುವುದೂ ಅದರ ಮೇಲೆಯೇ. ಅದರ 1.0 ಆವೃತ್ತಿಯ ನಿಯಮಗಳನ್ನು 2000ನೇ ಇಸವಿಯ ಡಿಸೆಂಬರ್‌ನಲ್ಲಿ ಪ್ರಕಟಿಸಿದ ತಂಡದಲ್ಲಿ ಇವರ ಹೆಸರಿದೆ. ಆಗ ಅವರಿಗೆ ಹದಿನಾಲ್ಕು ತುಂಬಿ ಒಂದು ತಿಂಗಳಾಗಿತ್ತು ಅಷ್ಟೆ.

ತಂಡದ ಕೆಲಸವೆಲ್ಲ ಇಮೇಲ್‌ನಲ್ಲಿ ನಡೆಯುತ್ತಿತ್ತು. ಅವರು ಬರೆದ ವಾದ ಸರಿಯೋ ತಪ್ಪೋ ಎಂದು ಉಳಿದವರು ನೋಡಿದರೇ ಹೊರತು ವಯಸ್ಸು ಯಾರಿಗೂ ಗೊತ್ತಿರಲಿಲ್ಲ. ಮುಖತಃ ನಡೆಯುವ ಸಭೆಗೆ ಯಾವಾಗ ಬರುತ್ತೀರಿ ಎಂದು ಕೇಳಿದಾಗ, ಅಮ್ಮ ಬಿಡಲಿಕ್ಕಿಲ್ಲ, ನನಗೆ ಈಗಷ್ಟೇ ಹದಿನಾಲ್ಕು ಎಂಬ ಅರ್ಥದ ಉತ್ತರ ಬಂತಂತೆ. ತಾವು ಇಷ್ಟು ದಿನ ಸಮಾನವಾಗಿ ಚರ್ಚೆ ಮಾಡುತ್ತಿದ್ದದ್ದು ಶಾಲೆಗೆ ಹೋಗುವ ಹುಡುಗನ ಜೊತೆ ಎಂದು ಅವರಿಗೆಲ್ಲ ಗೊತ್ತಾದದ್ದು ಆಮೇಲೆ. ಎರಡು ವರ್ಷ ಕಳೆದು, 2002ರ ಡಿಸೆಂಬರ್‌ನಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಬಿಡುಗಡೆಯಾದ ಕಾರ್ಯಕ್ರಮದಲ್ಲಿ ಹದಿನಾರರ ಅದೇ ಹುಡುಗ ವೇದಿಕೆಗೆ ಬಂದು, ಆ ಪರವಾನಗಿಯನ್ನು ಕಂಪ್ಯೂಟರ್ ಹೇಗೆ ಓದಿ ಅರ್ಥ ಮಾಡಿಕೊಳ್ಳುತ್ತದೆ ಎಂದು ವಿವರಿಸಿದರು. ಅಲ್ಲಿ ನಿಂತದ್ದು ‘ಬಾಲ ಪ್ರತಿಭೆ’ ಎಂಬ ಕಾರಣಕ್ಕಲ್ಲ. ಆ ಭಾಗದ ಕೆಲಸ ಮಾಡಿದವರು ಅವರು, ಅದಕ್ಕೆ.

ಈ ಘಟನೆಯಿಂದ ಪರಿಚಯ ಮಾಡುವವರು ಕಲಿಯಬೇಕಾದದ್ದು ಒಂದೇ. ವಯಸ್ಸು ಗೊತ್ತಾಗುವ ಮೊದಲೇ ಕೆಲಸ ಗೊತ್ತಾಗಬೇಕು. ನಮ್ಮ ವೇದಿಕೆಯಲ್ಲಿ ಇಮೇಲ್‌ನ ಮರೆ ಇಲ್ಲ, ಮಗು ಎದುರಿಗೇ ನಿಂತಿರುತ್ತದೆ. ವಯಸ್ಸನ್ನು ಬಚ್ಚಿಡುವ ಅಗತ್ಯವೂ ಇಲ್ಲ. ಆದರೆ ಪರಿಚಯದ ಮೊದಲ ವಾಕ್ಯ ಯಾವುದರ ಬಗ್ಗೆ ಎಂಬುದು ನಮ್ಮ ಕೈಯಲ್ಲಿದೆ. ಕೆಲಸದಿಂದ ಶುರು ಮಾಡಿದರೆ ಸಭಿಕರು ಕಿವಿ ತೆರೆಯುತ್ತಾರೆ. ವಯಸ್ಸಿನಿಂದ ಶುರು ಮಾಡಿದರೆ ಮೊಬೈಲ್ ತೆಗೆದು ಫೋಟೊ ಹಿಡಿಯುತ್ತಾರೆ.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ, ಇಂಗ್ಲಿಷ್‌ನಲ್ಲಿ ಇಲ್ಲದ್ದು. ನಮ್ಮ ಭಾಷೆಯಲ್ಲಿ ಗೌರವ ಇರುವುದು ಕ್ರಿಯಾಪದದ ಬಾಲದಲ್ಲಿ. ಅಧ್ಯಕ್ಷರು “ಬರ್ತಾರೆ”, ಉದ್ಘಾಟಕರು “ಮಾತಾಡ್ತಾರೆ”, ಹುಡುಗಿ ಮಾತ್ರ “ಬರ್ತಾಳೆ, ಮಾತಾಡ್ತಾಳೆ”. ನಿರೂಪಕರ ಬಾಯಲ್ಲಿ ಕೆಟ್ಟ ಮಾತೇನೂ ಬಂದಿಲ್ಲ. ಆದರೂ ಐದು ಭಾಷಣಕಾರರಲ್ಲಿ ನಾಲ್ವರು ಭಾಷಣಕಾರರು, ಒಬ್ಬಳು ಮಗು ಎಂದು ಸಭೆ ತೀರ್ಮಾನ ಮಾಡಿ ಆಯಿತು. ಮೇಲೆ ನಾನೇ ಆರನ್ ಸ್ವಾರ್ಟ್ಜ್ ಅವರ ಬಗ್ಗೆ ‘ಪ್ರಕಟಿಸಿದ’, ‘ವಿವರಿಸಿದ’ ಎಂದು ಏಕವಚನದಲ್ಲಿ ಬರೆದಿದ್ದರೆ ನೀವು ಆ ಕತೆಯನ್ನು ಬೇರೆ ರೀತಿ ಓದುತ್ತಿದ್ದಿರಿ.

ಇದಕ್ಕೆ ಹಿರಿಯರ ಆಕ್ಷೇಪ ಏನೆಂದು ಗೊತ್ತು. “ನಮ್ಮ ಮಡಿಲಲ್ಲಿ ಆಡಿದ ಮಗುವಿಗೆ ‘ಇವರು’ ಅನ್ನುವುದಾ? ನಾಟಕದ ಹಾಗೆ ಕಾಣುವುದಿಲ್ವಾ?” ಮನೆಯಲ್ಲಿ, ಅಂಗಳದಲ್ಲಿ, ಕಾರ್ಯಕ್ರಮ ಮುಗಿದ ಮೇಲೆ ಚಾ ಕುಡಿಯುವಾಗ ಏಕವಚನದಲ್ಲೇ ಕರೆಯಿರಿ. ಅದು ಪ್ರೀತಿ. ಆದರೆ ಮೈಕ್‌ನಲ್ಲಿ ನಾವು ಕರೆಯುವುದು ಆ ಮಗುವನ್ನಲ್ಲ, ಆ ಜಾಗವನ್ನು. ರಮಝಾನಿನಲ್ಲಿ ಹದಿನಾರರ ಹಾಫಿಝ್ ಹುಡುಗನೊಬ್ಬ ತರಾವೀಹ್‌ಗೆ ಮುಂದೆ ನಿಂತರೆ ಎಪ್ಪತ್ತು ವಯಸ್ಸಿನವರೂ ಹಿಂದೆ ಸಾಲಾಗಿ ನಿಲ್ಲುತ್ತಾರೆ. ಯಾರೂ “ಪುಟಾಣಿ ಇಮಾಮ್‌ಗೆ ಧೈರ್ಯ ಕೊಡಿ” ಎನ್ನುವುದಿಲ್ಲ. ಕಲಿತದ್ದಕ್ಕೆ ಸ್ಥಾನ, ಸ್ಥಾನಕ್ಕೆ ಮರ್ಯಾದೆ ಎಂಬುದು ನಮಗೆ ಹೊಸ ಪಾಠ ಅಲ್ಲ. ಸಭಾಂಗಣಕ್ಕೆ ಬರುವಾಗ ಮಾತ್ರ ಮರೆಯುತ್ತೇವೆ.

ಇನ್ನು ಅತಿ ಹೊಗಳಿಕೆಗೆ ಬರೋಣ. ಇದರಲ್ಲಿ ಹೆಚ್ಚು ಅಪಾಯ ಮಾಡುವುದು ‘ಅತಿ ಕಿರಿಯ’ ಎಂಬ ಪದ. ಚೆಸ್ಸಿನ ಲೆಕ್ಕವನ್ನೇ ನೋಡಿ. ಚೆನ್ನೈಯ ಪ್ರಜ್ಞಾನಂದ 2018ರ ಜೂನ್‌ನಲ್ಲಿ 12 ವರ್ಷ 10 ತಿಂಗಳಿನಲ್ಲಿ ಗ್ರ್ಯಾಂಡ್ ಮಾಸ್ಟರ್ ಆದಾಗ ಅವರು ಜಗತ್ತಿನ ಎರಡನೇ ಅತಿ ಕಿರಿಯ. ಮೊದಲ ಸ್ಥಾನ 12 ವರ್ಷ 7 ತಿಂಗಳಿನಲ್ಲಿ ಆ ಪಟ್ಟ ಪಡೆದಿದ್ದ ಸೆರ್ಗೈ ಕರ್ಯಾಕಿನ್ ಅವರದ್ದು. ಏಳು ತಿಂಗಳು ಆಗುವಷ್ಟರಲ್ಲಿ, 2019ರ ಜನವರಿಯಲ್ಲಿ, ಗುಕೇಶ್ ಬಂದು ಎರಡನೇ ಸ್ಥಾನ ತೆಗೆದುಕೊಂಡರು. ಕರ್ಯಾಕಿನ್ ದಾಖಲೆ ಅವರಿಗೆ ತಪ್ಪಿದ್ದು ಬರೀ 17 ದಿನಗಳಿಂದ. 2021ರಲ್ಲಿ ಅಮೆರಿಕದ ಅಭಿಮನ್ಯು ಮಿಶ್ರಾ 12 ವರ್ಷ 4 ತಿಂಗಳಿನಲ್ಲಿ ಆ ಮೊದಲ ದಾಖಲೆಯನ್ನೇ ಮುರಿದರು. ‘ಅತಿ ಕಿರಿಯ’ ಎಂಬುದು ಇಷ್ಟು ಬೇಗ ಹಳಸುವ ಬಿರುದು. ಆದರೆ ಗುಕೇಶ್ 2024ರ ಡಿಸೆಂಬರ್‌ನಲ್ಲಿ ಸಿಂಗಾಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು ಎಂಬ ವಾಕ್ಯ ಯಾವತ್ತೂ ಹಳಸುವುದಿಲ್ಲ. ಮಾಡಿದ ಕೆಲಸವನ್ನು ಹೇಳಿದರೆ ಅದು ಉಳಿಯುತ್ತದೆ. ಹೋಲಿಕೆಯನ್ನು ಹೇಳಿದರೆ ನಾಳೆ ಇನ್ನೊಬ್ಬರು ಬಂದು ಅಳಿಸುತ್ತಾರೆ. ಸಭೆಯಲ್ಲಿ ಗೂಗಲ್ ನೋಡುವ ಒಬ್ಬ ಹುಡುಗ ಇದ್ದರೆ ಆಗಲೇ ಅಳಿಸುತ್ತಾನೆ.

ಹೊಗಳಿಕೆ ಮಗುವಿನ ಮೇಲೆ ಏನು ಮಾಡುತ್ತದೆ ಎಂಬುದನ್ನೂ ನೋಡಬೇಕು. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆಯರು ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಒಂದಷ್ಟು ಒಗಟಿನಂಥ ಲೆಕ್ಕ ಬಿಡಿಸಿದ ಮಕ್ಕಳಲ್ಲಿ ಕೆಲವರಿಗೆ “ನೀನು ಬುದ್ಧಿವಂತ” ಎಂದರು, ಕೆಲವರಿಗೆ “ಚೆನ್ನಾಗಿ ಶ್ರಮ ಪಟ್ಟಿದ್ದೀಯ” ಎಂದರು. ಆಮೇಲೆ ಕಷ್ಟದ ಲೆಕ್ಕ ಕೊಟ್ಟು ಎಲ್ಲರೂ ಎಡವುವಂತೆ ಮಾಡಿದರು. ಬುದ್ಧಿವಂತ ಎನಿಸಿಕೊಂಡವರು ಬೇಗ ಕೈಚೆಲ್ಲಿದರು. ಬೇರೆ ಮಕ್ಕಳಿಗೆ ತಮ್ಮ ಅಂಕ ಬರೆದು ತಿಳಿಸಿ ಎಂದಾಗ ಅವರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಸುಳ್ಳು ಅಂಕ ಬರೆದರು. ಇದು ತರಗತಿಯ ಪ್ರಯೋಗ, ವೇದಿಕೆಯ ಪರಿಚಯಕ್ಕೆ ಇದನ್ನೇ ತಕ್ಕಡಿಗೆ ಹಾಕಲಾಗದು. ಆದರೂ ಐನೂರು ಜನರ ಎದುರು ‘ಅದ್ಭುತ’ ಎನಿಸಿಕೊಂಡ ಮಗು, ಮಾತಿನ ನಡುವೆ ಒಂದು ವಾಕ್ಯ ಮರೆತರೆ ಅದಕ್ಕೆ ಏನನಿಸಬಹುದು ಎಂದು ಊಹಿಸಲು ಇದು ಸಾಕು.

ನಮ್ಮಲ್ಲಿ ಇದಕ್ಕೆ ಇನ್ನೂ ಎರಡು ಭಾರ ಸೇರುತ್ತವೆ. ಒಂದು ಸಮುದಾಯದ ಭಾರ. ‘ಬ್ಯಾರಿಗಳ ಹೆಮ್ಮೆ’ ಎಂದರೆ ಆ ಮಗು ಸೋತರೆ ಬ್ಯಾರಿಗಳೆಲ್ಲ ಸೋತ ಹಾಗೆ. ಹೆಣ್ಣುಮಗಳಾದರೆ ‘ಹೆಣ್ಣಾಗಿದ್ದರೂ’ ಎಂಬ ಒಂದು ಪದ ಬೇರೆ. ಹೊಗಳುತ್ತೇವೆ ಎಂದು ಹೇಳುತ್ತೇವೆ, ಹೇಳಿದ್ದು ಏನೆಂದರೆ ಹೆಣ್ಣಿಂದ ಇಷ್ಟು ನಿರೀಕ್ಷೆ ಇರಲಿಲ್ಲ ಎಂದು. ಎರಡನೆಯದು ಬಡತನದ ಕತೆ. “ಮೀನು ಮಾರುವವರ ಮಗ”, “ಬೀಡಿ ಕಟ್ಟಿ ಸಾಕಿದ ತಾಯಿಯ ಮಗಳು.” ಮೀನು ಮಾರುವುದರಲ್ಲಿ, ಬೀಡಿ ಕಟ್ಟುವುದರಲ್ಲಿ ಸಣ್ಣತನ ಏನೂ ಇಲ್ಲ. ಆದರೆ ಮುಂದಿನ ಸಾಲಿನಲ್ಲಿ ಆ ಉಮ್ಮ ಕೂತಿರುತ್ತಾರೆ. ಅವರನ್ನು ಕೇಳಿ ಹೇಳಿದ್ದೀರಾ? ಅದೇ ವೇದಿಕೆಯ ಡಾಕ್ಟರರನ್ನು ಪರಿಚಯಿಸುವಾಗ ಅವರ ತಂದೆಯ ಕಸುಬು ಹೇಳಿದ್ದೀರಾ? ಇಲ್ಲವಾದರೆ ಇಲ್ಲಿಯೂ ಬೇಡ. ಹೇಳಬೇಕೆಂದಿದ್ದರೆ ಆ ಮಗು ತನ್ನ ಭಾಷಣದಲ್ಲಿ ತಾನೇ ಹೇಳಿಕೊಳ್ಳುತ್ತದೆ.

ಹಾಗಾದರೆ ಪರಿಚಯ ಹೇಗಿರಬೇಕು? ಒಂದು ಕಲ್ಪಿತ ಉದಾಹರಣೆ ತೆಗೆದುಕೊಂಡು ಮಾಡಿ ನೋಡೋಣ. ಹತ್ತನೇ ತರಗತಿಯ, ಹದಿನೈದು ವಯಸ್ಸಿನ ಒಬ್ಬ ಚೆಸ್ ಆಟಗಾರ್ತಿ. ಹೈಸ್ಕೂಲ್ ಮಕ್ಕಳಿಗೆ ಮಾತಾಡಲು ಜಮಾಅತ್‌ನವರು ಕರೆದಿದ್ದಾರೆ.

ಕೆಲಸ ಶುರುವಾಗುವುದು ಒಂದು ವಾರ ಮೊದಲು. ವಯಸ್ಸಿಗೆ ಬಾರದವರಾದ್ದರಿಂದ ಮೊದಲ ಫೋನ್ ಮನೆಯವರಿಗೆ, ಅನುಮತಿಗಾಗಿ. ಎರಡನೇ ಮಾತು ಕಡ್ಡಾಯವಾಗಿ ಆ ಹುಡುಗಿಯ ಜೊತೆಗೇ. ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ, ಯಾಕೆಂದರೆ ನಾವು ಬಾಪನನ್ನು ಕೇಳಿ ಪರಿಚಯ ಬರೆಯುತ್ತೇವೆ. ಬಾಪನಿಗೆ ಮಗಳು ಗೆದ್ದ ಕಪ್‌ಗಳ ಲೆಕ್ಕ ಗೊತ್ತು, ಮಗಳು ಏನು ಹೇಳಲಿದ್ದಾಳೆ ಎಂಬುದು ಗೊತ್ತಿರಲಿಕ್ಕಿಲ್ಲ. ಹುಡುಗಿಯ ಹತ್ತಿರ ಕೇಳಬೇಕಾದದ್ದು ನಾಲ್ಕು. ಯಾವ ವಿಷಯ ಮಾತಾಡ್ತೀರಿ? ಆ ವಿಷಯದಲ್ಲಿ ನೀವು ಮಾಡಿದ ಕೆಲಸ ಏನು? ನಿಮ್ಮ ಹೆಸರನ್ನು ಹೇಗೆ ಹೇಳಬೇಕು? ಯಾವುದನ್ನು ಹೇಳಬಾರದು? ಕೊನೆಯ ಪ್ರಶ್ನೆಗೆ ಉತ್ತರ ಬರಲು ಸ್ವಲ್ಪ ಹೊತ್ತು ಕಾಯಿರಿ, ದೊಡ್ಡವರ ಎದುರು ‘ಬೇಡ’ ಎನ್ನಲು ಮಕ್ಕಳಿಗೆ ಸಂಕೋಚ.

ಆಕೆ ಹೇಳುತ್ತಾಳೆ ಎಂದು ಇಟ್ಟುಕೊಳ್ಳಿ: “ಸೋತ ಆಟವನ್ನು ಮತ್ತೆ ಕೂತು ನೋಡುವುದು ಹೇಗೆ ಅಂತ ಹೇಳ್ತೇನೆ. ಮೂರು ವರ್ಷದಿಂದ ನಾನು ಸೋತ ಆಟ ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಪೇಪರಿನಲ್ಲಿ ಬಂದದ್ದು ಹೇಳುವುದು ಬೇಡ.” ಇಲ್ಲಿ ನಿಮಗೆ ಸಿಕ್ಕಿದ ಚಿನ್ನ ಆ ನೋಟ್‌ಬುಕ್. ಯಾವ ಬಿರುದೂ ಅದಕ್ಕೆ ಸಮ ಅಲ್ಲ.

ಆಮೇಲೆ ಪರಿಶೀಲನೆ. ಚೆಸ್ಸಿನಲ್ಲಿ ಇದು ಸುಲಭ, ಫಿಡೆ ಸಂಸ್ಥೆಯ ಜಾಲತಾಣದಲ್ಲಿ ಯಾರ ರೇಟಿಂಗ್ ಬೇಕಾದರೂ ನೋಡಬಹುದು. ಸ್ಟ್ಯಾಂಡರ್ಡ್, ರ‍್ಯಾಪಿಡ್, ಬ್ಲಿಟ್ಜ್ ಎಂದು ಮೂರು ಬೇರೆ ಬೇರೆ ಅಂಕೆ ಇರುತ್ತದೆ, ಯಾವುದನ್ನು ಹೇಳುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು. ರೇಟಿಂಗ್ ಬೇರೆ, ಪಟ್ಟ ಬೇರೆ. ಫಿಡೆ ರೇಟಿಂಗ್ ಇದ್ದವರೆಲ್ಲ ‘ಇಂಟರ್‌ನ್ಯಾಷನಲ್ ಮಾಸ್ಟರ್’ ಅಲ್ಲ. ಆ ಪಟ್ಟಕ್ಕೆ ಬೇರೆ ನಿಯಮಗಳ ಜೊತೆ 2400ರ ರೇಟಿಂಗ್ ಮುಟ್ಟಬೇಕು, ಗ್ರ್ಯಾಂಡ್ ಮಾಸ್ಟರ್‌ಗೆ 2500. ಬೇರೆ ಕ್ಷೇತ್ರಗಳಲ್ಲೂ ಇದೇ ಎಚ್ಚರ ಬೇಕು. ‘ರಾಜ್ಯ ಮಟ್ಟದಲ್ಲಿ ಭಾಗವಹಿಸಿದ’ ಎಂಬುದು ಕೈಯಿಂದ ಕೈಗೆ ಹೋಗುವಾಗ ‘ರಾಜ್ಯ ಮಟ್ಟದ ವಿಜೇತ’ ಆಗಿಬಿಡುತ್ತದೆ. ಅರ್ಜಿ ಹಾಕಿ ಶುಲ್ಕ ಕಟ್ಟಿ ಪಡೆಯುವ ದಾಖಲೆ ಪುಸ್ತಕದ ಸರ್ಟಿಫಿಕೇಟ್ ‘ವಿಶ್ವ ದಾಖಲೆ’ ಆಗುತ್ತದೆ. ಸುಳ್ಳು ಹೇಳಿದವರು ನಿರೂಪಕರು, ಮರುದಿನ ಶಾಲೆಯಲ್ಲಿ ಗೇಲಿ ಮಾಡಿಸಿಕೊಳ್ಳುವುದು ಮಗು.

ಈಗ ಬರೆಯೋಣ. “ಚೆಸ್‌ನಲ್ಲಿ ಗೆದ್ದ ಆಟ ಎಲ್ಲರಿಗೂ ನೆನಪಿರುತ್ತದೆ. ಇವತ್ತಿನ ಭಾಷಣಕಾರರು ಸೋತ ಆಟಗಳನ್ನು ನೆನಪಿಟ್ಟುಕೊಂಡವರು. ಮೂರು ವರ್ಷಗಳಿಂದ ತಾವು ಸೋತ ಪ್ರತಿಯೊಂದು ಆಟವನ್ನೂ ಬರೆದಿಟ್ಟು, ಯಾವ ನಡೆಯಲ್ಲಿ ತಪ್ಪಿತು ಎಂದು ಹುಡುಕಿದ್ದಾರೆ. ಸ್ಟ್ಯಾಂಡರ್ಡ್ ವಿಭಾಗದಲ್ಲಿ ಅವರ ಫಿಡೆ ರೇಟಿಂಗ್ ಈಗ 1780. ಹತ್ತನೇ ತರಗತಿಯಲ್ಲಿ ಓದುತ್ತಿದ್ದಾರೆ. ಮುಂದಿನ ಇಪ್ಪತ್ತೈದು ನಿಮಿಷ ಒಂದು ಸೋತ ಆಟವನ್ನು ನಮ್ಮೆದುರು ಬಿಡಿಸಿ ತೋರಿಸುತ್ತಾರೆ. ಪರೀಕ್ಷೆಯಲ್ಲಿ ತಪ್ಪಿದ ಲೆಕ್ಕವನ್ನು ನೋಡುವುದಕ್ಕೂ ಇದೇ ದಾರಿ ಆಗಬಹುದು, ಕೇಳಿ ನೋಡಿ.” ಇದರ ನಂತರ ಹೆಸರು. ಅಷ್ಟೇ. ಅವಸರವಿಲ್ಲದೆ ಓದಿದರೂ ಒಂದು ನಿಮಿಷಕ್ಕೆ ಹೆಚ್ಚಿಲ್ಲ.

ಇದರಲ್ಲಿ ಏನಿದೆ, ಏನಿಲ್ಲ ನೋಡಿ. ಹೊಗಳಿಕೆಯ ಒಂದು ಗುಣವಾಚಕವೂ ಇಲ್ಲ, ಆದರೂ ಕೇಳಿದವರಿಗೆ ಗೌರವ ಹುಟ್ಟುತ್ತದೆ. ವಯಸ್ಸು ನೇರವಾಗಿ ಬಂದಿಲ್ಲ, ತರಗತಿ ಒಂದು ಸಂಗತಿಯಾಗಿ ನಡುವಿನಲ್ಲಿ ಬಂದು ಹೋಯಿತು. ಅಂಕೆ ಒಂದೇ, ಅದೂ ಪರಿಶೀಲಿಸಿದ್ದು. ಕೊನೆಯ ಮಾತು ಸಭಿಕರಿಗೆ, ಯಾಕೆ ಕೇಳಬೇಕು ಎಂಬುದಕ್ಕೆ. ಬರೆದದ್ದನ್ನು ಕಾರ್ಯಕ್ರಮಕ್ಕೆ ಮೊದಲು ಆ ಹುಡುಗಿಗೆ ಓದಿ ಹೇಳಿ. ಆಕೆ “ಇದು ಸರಿ” ಎಂದರೆ ಮುಗಿಯಿತು. ಮುಖ ಕೆಂಪಾದರೆ ಯಾವುದೋ ಒಂದು ಪದ ಹೆಚ್ಚಾಗಿದೆ ಎಂದು ಅರ್ಥ.

ಪರಿಚಯ ಸರಿಯಾಗಿದ್ದೂ ಕಾರ್ಯಕ್ರಮದ ಕ್ರಮ ಅದನ್ನು ಕೆಡಿಸಬಹುದು. ಸನ್ಮಾನ ಮೊದಲು, ಭಾಷಣ ಆಮೇಲೆ ಎಂದಿಟ್ಟರೆ ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ, ಫೋಟೊ ಮುಗಿಯುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಏಳು ನಿಮಿಷ ಆಗಿರುತ್ತದೆ. ಮಾತು ಮೊದಲು, ಸನ್ಮಾನ ಕೊನೆಗೆ ಇರಲಿ. ಮೈಕ್‌ನ ಎತ್ತರವನ್ನು ಮೊದಲೇ ಸರಿ ಮಾಡಿಡಿ, ಎಲ್ಲರ ಎದುರು ಸ್ಟೂಲ್ ತಂದು ಇಡುವುದು ಬೇಡ. ಪ್ರಶ್ನೋತ್ತರದಲ್ಲಿ “ದೊಡ್ಡವಳಾಗಿ ಏನಾಗ್ತೀ?”, “ಓದು ಹಾಳಾಗುವುದಿಲ್ವಾ?” ಎಂದು ಕೇಳುವವರು ಒಬ್ಬರಾದರೂ ಇರುತ್ತಾರೆ. “ಆಟದ ಬಗ್ಗೆ ಪ್ರಶ್ನೆ ಇದ್ದರೆ ಕೇಳಿ ಕಾಕ” ಎಂದು ನಯವಾಗಿ ತಿರುಗಿಸುವುದು ನಿರೂಪಕರ ಕೆಲಸ, ಆ ಹುಡುಗಿಯದ್ದಲ್ಲ.

ಭಾಷಣಕಾರರೆಂದು ಗೌರವಿಸಬೇಕು ಎಂದರೆ ಎಲ್ಲದರಲ್ಲೂ ದೊಡ್ಡವರೆಂದು ಎಣಿಸಬೇಕು ಎಂದಲ್ಲ. ಚೆಸ್ ಬಲ್ಲ ಹುಡುಗಿಯಿಂದ ಯುವಜನರಿಗೆ ಜೀವನದ ಉಪದೇಶ ಕೇಳಬೇಡಿ, ಅದು ಅತಿ ಹೊಗಳಿಕೆಯ ಇನ್ನೊಂದು ರೂಪ. ಆಕೆಯ ಫೋನ್ ನಂಬರ್, ಮನೆಯ ವಿಳಾಸ ಮೈಕ್‌ನಲ್ಲಿ ಬರಬಾರದು. ಫೋಟೊ ಹಾಕಲು ಮನೆಯವರ ಒಪ್ಪಿಗೆ ಬೇಕು. ರಾತ್ರಿ ಹನ್ನೊಂದಕ್ಕೆ ಕೊನೆಯ ಭಾಷಣವಾಗಿ ಆಕೆಯನ್ನು ಇಡುವುದೂ ಸರಿಯಲ್ಲ, ಮರುದಿನ ಶಾಲೆ ಇದೆ. ಮಾತಿಗೆ ದೊಡ್ಡವರ ಗೌರವ, ದೇಹಕ್ಕೆ ಮಕ್ಕಳ ಕಾಳಜಿ. ಇವೆರಡು ಒಂದಕ್ಕೊಂದು ಅಡ್ಡಿಯಲ್ಲ.

ಪರಿಚಯ ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಚಪ್ಪಾಳೆಯ ಸದ್ದು ಕೇಳಬೇಡಿ, ಅದು ಎರಡು ರೀತಿಯ ಪರಿಚಯಕ್ಕೂ ಒಂದೇ ತರ ಬರುತ್ತದೆ. ಭಾಷಣ ಮುಗಿದ ಮೇಲೆ ಸಭೆಯಿಂದ ಬರುವ ಮೊದಲ ಪ್ರಶ್ನೆ ಕೇಳಿ. “ನಿನಗೆ ಎಷ್ಟು ವಯಸ್ಸು?” ಎಂದು ಬಂದರೆ ನಾವು ಒಂದು ಮಗುವನ್ನು ತೋರಿಸಿದ್ದೇವೆ. “ಆ ಹದಿನೇಳನೇ ನಡೆಯಲ್ಲಿ ಕುದುರೆಯನ್ನು ಯಾಕೆ ಹಿಂದೆ ತೆಗೆದಿರಿ?” ಎಂದು ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದರೆ ಒಬ್ಬ ಭಾಷಣಕಾರರನ್ನು ಪರಿಚಯಿಸಿದ್ದೇವೆ.